ಸಹಾಯ ಬೇಕು: ಗರ್ಭಿಣಿ, 33ನೇ ವಾರ, ಅಂಗೈ-ಅಂಗಾಲು ತುರಿಕೆ

ಅಕ್ಕಂದಿರೇ, ಹತ್ತು ದಿನದಿಂದ ಅಂಗೈ, ಅಂಗಾಲು ವಿಪರೀತ ತುರಿಕೆ. ರಾತ್ರಿ ನಿದ್ದೆಯೇ ಇಲ್ಲ. ಗುಳ್ಳೆ ಒಂದೂ ಇಲ್ಲ, ಕೆರೆದ ಗೀರುಗಳಷ್ಟೇ. ಅತ್ತೆ ಉಷ್ಣ ಅಂತ ಹರಳೆಣ್ಣೆ ಹಚ್ಚಿದರು, ಪಾಪ.

ಮೊದಲ ಲಿವರ್ ಟೆಸ್ಟ್ ನಾರ್ಮಲ್ ಬಂತು. ನಾನು ಸುಮ್ಮನಾಗುತ್ತಿದ್ದೆ. ಆದರೆ ಡಾಕ್ಟರ್, ಲಿವರಿನಿಂದ ಪಿತ್ತರಸ ಸರಿಯಾಗಿ ಹರಿಯದೆ ಅದರ ಆಮ್ಲ ರಕ್ತಕ್ಕೆ ಸೇರುತ್ತಿರಬಹುದು, ತುರಿಕೆ ಮೊದಲು ಬಂದು ರಿಪೋರ್ಟ್ ಆಮೇಲೆ ಕೆಡುವುದೂ ಉಂಟು ಎಂದು ವಾರ ಬಿಟ್ಟು ಮತ್ತೆ ಮಾಡಿಸಿದರು. ಈ ಸಲ ಎಸ್‌ಜಿಪಿಟಿ 88, ಬೈಲ್ ಆಸಿಡ್ 46.

ಬೈಲ್ ಆಸಿಡ್ 100 ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಹೆಚ್ಚಂತೆ. ಸ್ಕ್ಯಾನ್ ಚೆನ್ನಾಗಿದ್ದರೂ ಅದು ಮುಂಚೆ ಗೊತ್ತಾಗುವುದಿಲ್ಲವಂತೆ, ಅದಕ್ಕೇ ವಾರವಾರ ರಕ್ತಪರೀಕ್ಷೆ. 100 ದಾಟಿದರೆ 35-36 ವಾರಕ್ಕೇ ಹೆರಿಗೆ ಯೋಚಿಸಬೇಕು ಅಂದರು. ಮಾತ್ರೆ ಕೊಟ್ಟಿದ್ದಾರೆ, ತುರಿಕೆ ಸ್ವಲ್ಪ ತಗ್ಗಬಹುದು ಅಷ್ಟೇ.

ನಮ್ಮೂರ ಲ್ಯಾಬಿನವರು ಸ್ಯಾಂಪಲ್ ಬೆಂಗಳೂರಿಗೆ ಕಳಿಸುತ್ತಾರೆ, ರಿಪೋರ್ಟಿಗೆ ನಾಲ್ಕು ದಿನ. ಹಾಸನದ ಸುತ್ತ ಬೈಲ್ ಆಸಿಡ್ ಟೆಸ್ಟ್ ಬೇಗ ಆಗುವುದೆಲ್ಲಿ? ಇದು ಆಗಿದ್ದವರು ಹೇಳಿ, ನಿಮಗೆ ಸಂಖ್ಯೆ ಏರಿತೇ, ಎಷ್ಟನೇ ವಾರಕ್ಕೆ ಹೆರಿಗೆ ಮಾಡಿಸಿದರು?