1+θ ನಾರ್ಮ್ ನನಗೆ 1 ಬರ್ತಿದೆ, ಉತ್ತರದಲ್ಲಿ 3 ಇದೆ. ಎಲ್ಲಿ ಎಡವಿದೆ?

ಹೊಳಲ್ಕೆರೆ_ಹುಡುಗ
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎಸ್ಸಿ. ಮಾಡ್ತಿದೀನಿ, ನಾಡಿದ್ದು ಇಂಟರ್ನಲ್ಸ್. ವರ್ಗದ ಲೆಕ್ಕ ಸಲೀಸಾಗಿ ಬಂತು: Q(√2)ದಲ್ಲಿ 3+√2 ತಗೊಂಡು 1ನ್ನೂ √2ವನ್ನೂ ಅದರಿಂದ ಗುಣಿಸಿದೆ. 3+√2, 2+3√2 ಬಂತು. ಮ್ಯಾಟ್ರಿಕ್ಸ್‌ನ ಟ್ರೇಸ್ 6, ಡಿಟರ್ಮಿನೆಂಟ್ 9−2=7. (3+√2)(3−√2) ಮಾಡಿದ್ರೂ 7.

ಘನದಲ್ಲಿ ಸಿಕ್ಕಿಬಿದ್ದೆ. θ³=2, ಬೇಸಿಸ್ 1, θ, θ². 1+θ ಗೆ ನನ್ನ ಮ್ಯಾಟ್ರಿಕ್ಸ್:

```
1 0 0
1 1 0
0 1 1
```

ಟ್ರೇಸ್ 3, ಉತ್ತರಕ್ಕೆ ಸರಿ ಹೊಂದುತ್ತೆ. ಡಿಟರ್ಮಿನೆಂಟ್ ಮಾತ್ರ 1. ಹಳೇ ಉಪಾಯದಂತೆ (1+θ)(1−θ) ಮಾಡಿದರೆ 1−θ², ಅದು ಸಂಖ್ಯೆನೇ ಆಗ್ಲಿಲ್ಲ.

ಬೆಣ್ಣೆದೋಸೆ_ಕೋಡರ್
ತಮ್ಮಾ, ಕೈಲಿ ಯಾಕೆ ಒದ್ದಾಡ್ತೀಯ. ಮೇಲಿನ ಬಲ ಮೂಲೇಲಿ 2 ಇರ್ಬೇಕು ಅನ್ಸುತ್ತೆ. ಹಾಕಿ ಓಡಿಸಿದೆ:

```python
import numpy as np
M = np.array([[1,0,2],[1,1,0],[0,1,1]])
print(np.linalg.norm(M))
```

3.0 ಬಂತು ನೋಡು. ನಾರ್ಮ್‌ಗೆ ಒಂದೇ ಸಾಲು ಸಾಕು.

ಲೆಕ್ಕದ_ಮೇಡಂ
ಮೂಲೇಲಿ 2 ಇರಬೇಕು ಅನ್ನೋದು ಸರಿ. ಆದರೆ ನಿಮ್ಮ 3.0 ಬರೀ ಅದೃಷ್ಟ! ಆ ಫಂಕ್ಷನ್ ಎಲ್ಲ ಅಂಕಿಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯುತ್ತೆ. ಐದು 1, ಒಂದು 4, ಒಟ್ಟು 9, ಮೂಲ 3. ಅದೇ ಸಾಲನ್ನು ಹುಡುಗನ 3+√2 ಮ್ಯಾಟ್ರಿಕ್ಸ್ ಮೇಲೆ ಓಡಿಸಿ, √23 ಬರುತ್ತೆ, 7 ಅಲ್ಲ. ಹೆಸರು ಒಂದೇ, ವಸ್ತು ಬೇರೆ. ನಿಮಗೆ ಬೇಕಿರೋದು `np.linalg.det`.

ಈಗ ನಿನ್ನ ತಪ್ಪು, ಹುಡುಗ. ಮೂರನೇ ಕಾಲಮ್ ಬರೆಯುವಾಗ θ²(1+θ) = θ²+θ³ ಅಂತ ಬಂದಿರುತ್ತೆ. θ³ಗೆ ಬೇಸಿಸ್‌ನಲ್ಲಿ ಜಾಗ ಕಾಣದೆ ಬಿಟ್ಟುಬಿಟ್ಟೆ, ಅಲ್ವಾ? ಅದು ಮಾಯವಾಗಲ್ಲ, 2 ಆಗಿ 1ರ ಸಾಲಿಗೆ ವಾಪಸ್ ಬರುತ್ತೆ. ಮೂರನೇ ಕಾಲಮ್ 2, 0, 1. ಮೊದಲ ಸಾಲಿನಿಂದ ಬಿಡಿಸಿದರೆ 1·(1−0) + 2·(1−0) = 3.

ಟ್ರೇಸ್ ಸರಿ ಬಂತು ಅಂತ ನೆಮ್ಮದಿಯಾಗಿದ್ದೆಯಲ್ಲ, ಅದೇ ಇಲ್ಲಿನ ಮೋಸ. ನೀನು ಕಳೆದುಕೊಂಡ 2 ಕರ್ಣದ ಮೇಲಿಲ್ಲ, ಹಾಗಾಗಿ ಟ್ರೇಸ್‌ಗೆ ಅದರ ಸುಳಿವೇ ಇಲ್ಲ. ಈ ಫೀಲ್ಡ್‌ನಲ್ಲಿ a+bθ+cθ² ಯಾವುದೇ ಇರಲಿ, ಟ್ರೇಸ್ 3a. b, c ಎಷ್ಟೇ ತಪ್ಪಿದರೂ ಅದು ಹಾಗೇ ಇರುತ್ತೆ. ತಾಳೆ ನೋಡೋಕೆ c ಇಲ್ಲದಾಗ a³+2b³ ಇಟ್ಕೋ: 1+2=3.

ಹೊಳಲ್ಕೆರೆ_ಹುಡುಗ
ಹೌದು ಮೇಡಂ, θ³ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದಿದ್ದೆ 😅 ನಾನು ಕಾಲಮ್ ಬದಲು ಸಾಲಲ್ಲಿ ಬರೆದರೆ ತೊಂದರೆ ಆಗುತ್ತಾ? (1−θ) ಯಾಕೆ ಕೈಕೊಡ್ತು?

ಲೆಕ್ಕದ_ಮೇಡಂ
ಸಾಲಾಗಲಿ ಕಾಲಮ್ ಆಗಲಿ, ಟ್ರೇಸೂ ಡಿಟರ್ಮಿನೆಂಟೂ ಬದಲಾಗಲ್ಲ. ಒಂದೇ ಮ್ಯಾಟ್ರಿಕ್ಸ್‌ನಲ್ಲಿ ಎರಡನ್ನೂ ಬೆರೆಸಬೇಡ, ಅಷ್ಟೆ.

√2 ಜಾಗದಲ್ಲಿ −√2 ಇಟ್ಟಾಗ ವರ್ಗ ಮತ್ತೆ 2. −θ ಇಟ್ಟರೆ ಘನ −2 ಆಗುತ್ತೆ, ಹಾಗಾಗಿ ಅದು θಗೆ ಜೋಡಿಯೇ ಅಲ್ಲ. ನಿಜವಾದ ಜೋಡಿಗಳು ಇನ್ನೆರಡು, ಎರಡೂ ಕಾಂಪ್ಲೆಕ್ಸ್, ಈ ಫೀಲ್ಡ್‌ನಿಂದ ಹೊರಗೆ. ಮ್ಯಾಟ್ರಿಕ್ಸ್ ದಾರಿಯಲ್ಲಿ ಅವುಗಳ ಮನೆಬಾಗಿಲಿಗೆ ಹೋಗಬೇಕಿಲ್ಲ.

ದುರ್ಗದ_ಕಲ್ಲು
ಇಷ್ಟೆಲ್ಲ ಯಾಕ್ರೀ? 1+θ ಅಂದ್ರೆ (x−1)³=2. ಬಿಡಿಸಿದರೆ x³−3x²+3x−3. ಕೊನೇ ಅಂಕಿನೇ ನಾರ್ಮ್, −3. ಮೇಡಂ ಚಿಹ್ನೆ ಬಿಟ್ಟಿದ್ದಾರೆ.

ಲೆಕ್ಕದ_ಮೇಡಂ
ಚಿಹ್ನೆ ಬಿಟ್ಟಿದ್ದು ನೀವು ಸರ್. ಬೇರುಗಳ ಗುಣಲಬ್ಧಕ್ಕೂ ಕೊನೇ ಅಂಕಿಗೂ ನಡುವೆ (−1)ⁿ ಇದೆ. x²−6x+7 ರಲ್ಲಿ n ಸಮ, ಹಾಗಾಗಿ 7 ನೇರವಾಗಿ ಬಂತು. ಘನದಲ್ಲಿ ತಿರುಗಿಸಬೇಕು.

ಇನ್ನೊಂದು ಕಡೆಯೂ ನಿಮ್ಮ ದಾರಿ ತಪ್ಪಿಸುತ್ತೆ. ಇದೇ ಫೀಲ್ಡ್‌ನಲ್ಲಿ 5 ತಗೊಳ್ಳಿ. ಅದರ ಮಿನಿಮಲ್ ಪಾಲಿನೋಮಿಯಲ್ x−5. ಆದರೆ ಮ್ಯಾಟ್ರಿಕ್ಸ್ ಕರ್ಣದಲ್ಲಿ ಮೂರು 5. ನಾರ್ಮ್ 125, ಟ್ರೇಸ್ 15.

ದುರ್ಗದ_ಕಲ್ಲು
5ರ ನಾರ್ಮ್ 125 ಅಂದ್ರೆ ಒಂಥರಾ ಆಗ್ತೈತಿ. Q(√2)ದಲ್ಲಿ?

ಲೆಕ್ಕದ_ಮೇಡಂ
25. ಸಂಖ್ಯೆ ಒಂದೇ, ಯಾವ ಫೀಲ್ಡ್‌ನಲ್ಲಿ ಕೂತಿದೆ ಅನ್ನೋದರ ಮೇಲೆ ಲೆಕ್ಕ.

ದುರ್ಗದ_ಕಲ್ಲು
ಆಯ್ತು, ಆದ್ರೆ ಡಿಗ್ರಿ 3ರಲ್ಲಿ ಭಾಗಲಬ್ಧ ಸಂಖ್ಯೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ನನ್ನ ದಾರಿನೇ ಸಲೀಸು. ಚಿಹ್ನೆ ನೋಡ್ಕೊಂಡ್ರೆ ಸಾಕು.

ಲೆಕ್ಕದ_ಮೇಡಂ
ಡಿಗ್ರಿ 3ಕ್ಕೆ ಒಪ್ಪಿದೆ. 1+θ ಥರದ್ದಕ್ಕೆ ಸಲೀಸೂ ಹೌದು. 1+θ+θ² ಕೊಟ್ಟರೆ ಪಾಲಿನೋಮಿಯಲ್ ಹುಡುಕೋದೇ ಕೆಲಸವಾಗುತ್ತೆ, ನಾನಂತೂ ಮ್ಯಾಟ್ರಿಕ್ಸೇ ಬರೀತೀನಿ.

ಹೊಳಲ್ಕೆರೆ_ಹುಡುಗ
ಅದನ್ನೇ ಮಾಡಿ ನೋಡಿದೆ. ಕಾಲಮ್‌ಗಳು (1,1,1), (2,1,1), (2,2,1). ಈ ಸಲ θ³ ಬಂದಲ್ಲೆಲ್ಲ 2, θ⁴ ಬಂದಲ್ಲಿ 2θ ಹಾಕಿದೆ. ಡಿಟರ್ಮಿನೆಂಟ್ 1 ಬಂತು. ಮತ್ತೆ 1! ತಪ್ಪಾ?

ಲೆಕ್ಕದ_ಮೇಡಂ
ಈ ಸಲ ಸರಿ. θ−1 ರಿಂದ ಗುಣಿಸಿ ನೋಡು, θ³−1 = 1.

ಬೆಣ್ಣೆದೋಸೆ_ಕೋಡರ್
`det` ಹಾಕಿದೆ, 1ರ ಹತ್ತಿರ ಬಂತು. ಇದು ಡಿಗ್ರಿ 6 ಆದ್ರೆ ದಶಾಂಶದ ಕಸ ಎಷ್ಟು ಸೇರುತ್ತೋ. ಪೂರ್ಣಾಂಕದಲ್ಲೇ ಮಾಡೋದು ಯಾರಿಗಾದ್ರೂ ಗೊತ್ತಾ?