ಅಪ್‌ಡೇಟ್: ಉಬ್ಬಿದ್ದು ಬ್ಯಾಟರಿಯೇ

ನಾನು ಕೇಳಿದ್ದು: "ಫೋನ್‌ನ ಹಿಂದಿನ ಕವರ್ ಒಂದು ಕಡೆ ಎದ್ದಿದೆ. ಬ್ಯಾಟರಿ ಉಬ್ಬಿದೆಯಾ? ಚಾರ್ಜರ್ ಕೂಡ ಬದಲಿಸಬೇಕಾ?"

ಹೌದು, ಬ್ಯಾಟರಿಯೇ. ಮೇಜಿನ ಮೇಲಿಟ್ಟರೆ ಫೋನ್ ಅಲ್ಲಾಡುತ್ತಿತ್ತು, ಸ್ಕ್ರೀನ್ ಅಂಚಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ನೀವು ಹೇಳಿದಂತೆ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ, ಹಾಸಿಗೆ, ಪೇಪರ್‌ಗಳಿಂದ ದೂರ ಟೈಲ್ಸ್ ನೆಲದ ಮೇಲಿಟ್ಟೆ. ಕವರ್ ಒತ್ತಿ ಕೂರಿಸಲು ಹೋಗಲಿಲ್ಲ. ಒತ್ತಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳಬಹುದು.

ಎಸ್.ಪಿ. ರೋಡ್‌ನಲ್ಲಿ ಬಿಚ್ಚಿದಾಗ ಬ್ಯಾಟರಿ ದಿಂಬಿನ ಹಾಗೆ ಊದಿತ್ತು. ಒಳಗಿರೋದು ಗ್ಯಾಸ್, ಚುಚ್ಚಿ ಬಿಡೋ ಕೆಲಸ ಮಾತ್ರ ಬೇಡ ಅಂದರು ರಿಪೇರಿಯವರು. ಹಳೇದನ್ನು ಇ-ವೇಸ್ಟ್‌ಗೆ ಕೊಟ್ಟೆ. ದಯವಿಟ್ಟು ಒಣಕಸಕ್ಕೆ ಹಾಕಬೇಡಿ, ಗಾಡಿಯಲ್ಲಿ ಜಜ್ಜಿಹೋದರೆ ಪೌರಕಾರ್ಮಿಕರಿಗೆ ಅಪಾಯ ಅಲ್ವಾ?

ಚಾರ್ಜರ್ ಪರೀಕ್ಷಿಸಿದರು, ಸರಿಯಿದೆ. ಪಿನ್ ಹತ್ತಿರ ಸುಲಿದಿದ್ದ ಕೇಬಲ್ ಮಾತ್ರ ಬದಲಿಸಿದೆ.