ಡಿಲೀಟ್ ಮಾಡಿದ ನಂಬರ್ ಹೊಳ್ಳಿ ಹೊಳ್ಳಿ ಬರ್ಲಾಕತ್ತಾವ, ಯಾರಿಗರ ಅನುಭವ ಅದ ಏನು?

ಕಲಬುರಗಿ, ಬ್ಯಾಳಿ ವ್ಯಾಪಾರ:
ನಮ್ದು ನೆಹರು ಗಂಜಿನ್ಯಾಗ ತೊಗರಿಬ್ಯಾಳಿ ದುಕಾನ. ಫೋನಿನ್ಯಾಗ ಹಳೇ ದಲಾಲರು, ಲಾರಿ ಡ್ರೈವರ್‌ಗಳು, ಹಮಾಲರು, ಬಂದ್ ಆದ ನಂಬರು, ಎಲ್ಲಾ ಕೂಡಿ ಸಾವಿರದ ಮ್ಯಾಲ ಅವ. ಕುಂತು ಡಿಲೀಟ್ ಮಾಡ್ತೀನಿ, ಒಂದೆರಡು ದಿನಕ್ಕ ಮತ್ತ ಬಂದಿರ್ತಾವ. ಫೋನ್, ಸಿಮ್, ಗೂಗಲ್ ಮೂರೂ ಕಡೆ ಅವ ಅನಸ್ತದ. ಒಮ್ಮೆ ಅಳಿಸಿದ್ರ ಹೊಳ್ಳಿ ಬರಬಾರದು, ಹಂತಾ ದಾರಿ ಇದ್ರ ಹೇಳ್ರಿ.

ಸೇಡಂ:
ಸರಳ ಅದ ಅಣ್ಣಾ. ಸೆಟ್ಟಿಂಗ್ಸ್‌ನಾಗ ಗೂಗಲ್ ಅಕೌಂಟಿಗೆ ಹೋಗಿ ಕಾಂಟ್ಯಾಕ್ಟ್ಸ್ ಸಿಂಕ್ ಬಂದ್ ಮಾಡ್ರಿ. ಆಮ್ಯಾಲ ಆ್ಯಪ್‌ಗಳ ಪಟ್ಟಿಯೊಳಗ `Contacts Storage` ಅಂತ ಇರ್ತದ, ಅದರ ಡೇಟಾ ಕ್ಲಿಯರ್ ಮಾಡಿಬಿಡ್ರಿ. ಒಂದೇ ಏಟಿಗೆ ಎಲ್ಲಾ ಸಾಫ್. ನಾ ಹಂಗೇ ಮಾಡೀನಿ.

ಶಹಾಪುರ, ಮೊಬೈಲ್ ರಿಪೇರಿ:
ದಯಮಾಡಿ ಆ ಡೇಟಾ ಕ್ಲಿಯರ್ ಒತ್ತಬ್ಯಾಡ್ರಿ. ಸೇಡಂನವರು ಸಿಂಕ್ ಬಂದ್ ಮಾಡ್ರಿ ಅಂದಿದ್ದು ಒಂದು ಮಟ್ಟಿಗೆ ಸರಿ. ಆದ್ರ ಡೇಟಾ ಕ್ಲಿಯರ್ ಮಾಡಿದ್ರ ಗೂಗಲ್‌ಗೆ "ಇವನ್ನ ಅಳಿಸು" ಅನ್ನೋ ಸುದ್ದಿ ಹೋಗೋದೇ ಇಲ್ಲ. ಫೋನ್ ಬರೇ ಖಾಲಿ ಆಗ್ತದ. ಸಿಂಕ್ ಮತ್ತ ಚಾಲೂ ಆದ ಕೂಡ್ಲೇ ಗೂಗಲ್‌ನಾಗಿದ್ದ ಸಾವಿರ ಹೆಸರೂ ಹೊಸದಾಗಿ ಇಳೀತಾವ. ಅದಕ್ಕಿಂತ ಕೆಟ್ಟದ್ದೇನಂದ್ರ, ಫೋನಿನ ಮೆಮೊರಿಯೊಳಗಷ್ಟೇ ಇದ್ದ ನಂಬರು, ಅಂದ್ರ ಗೂಗಲ್‌ಗೆ ಏರದೇ ಇದ್ದವು, ಅವು ಮಾತ್ರ ಖಾಯಂ ಹೋಗ್ತಾವ. ಬೇಡಾದ್ದು ಉಳೀತು, ಬೇಕಾದ್ದು ಹೋಯ್ತು. ಹಿಂಗಾದ ಗಿರಾಕಿಗಳು ನಮ್ಮ ಅಂಗಡಿಗೆ ಬರ್ತಾನೇ ಇರ್ತಾರ.

ಬ್ಯಾಳಿ ಅಣ್ಣಾವ್ರೆ, ಒಂದೊಂದು ಹೆಸರು ಅಳಿಸೋದಕ್ಕ ಮೊದ್ಲ ಅವು ಎಲ್ಲಿಂದ ಬರ್ಲಾಕತ್ತಾವ ಅಂತ ಹಿಡೀಬೇಕು. ಫೋನಿನ ಪಟ್ಟಿ ಮೂರೂ ಕಡೆಯ ಹೆಸರು ಕೂಡಿಸಿ ಒಂದೇ ಮಾಡಿ ತೋರಿಸ್ತದ. ಒಬ್ಬರದೇ ಹೆಸರು ಎರಡು ಕಡೆ ಇದ್ರ ಜೋಡಿಸಿ ಒಂದೇ ಹೆಸರಾಗಿ ಕಾಣ್ತದ. ಅದಕ್ಕ ಯಾವ್ದು ಎಲ್ಲಿದು ಗೊತ್ತಾಗಲ್ಲ.

ಹಿಂಗ ಮಾಡ್ರಿ. ಬೇಡಾದ ಒಂದೇ ಹೆಸರು ಆರಿಸ್ಕೋರಿ, ಎಲ್ಲಾ ಬ್ಯಾಡ. ಏರೋಪ್ಲೇನ್ ಮೋಡ್ ಹಾಕ್ರಿ, ವೈಫೈ ಸಹ ಬಂದ್ ಇರಲಿ. ಆ ಹೆಸರು ಡಿಲೀಟ್ ಮಾಡಿ ಫೋನ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ. ನೆಟ್ ಇಲ್ಲದೇನೂ ಹೊಳ್ಳಿ ಬಂತಂದ್ರ ಅದು ಗೂಗಲ್‌ನಿಂದ ಬಂದಿಲ್ಲ, ಸಿಮ್ಮಿನ್ಯಾಗೋ ಫೋನಿನೊಳಗೋ ಇನ್ನೊಂದು ಪ್ರತಿ ಅದ. ಬರಲಿಲ್ಲಂದ್ರ ನೆಟ್ ಚಾಲೂ ಮಾಡಿ ಹತ್ತು ನಿಮಿಷ ಬಿಡ್ರಿ. ಆಗ ಬಂತಂದ್ರ ಗೂಗಲ್‌ನಾಗ ಅಳಿಸಿಲ್ಲ. ಆಗಲೂ ಬರದೆ ಮರುದಿನವೋ ಮೂರನೇ ದಿನವೋ ಬಂತಂದ್ರ, ಬೇರೆ ಯಾವುದೋ ಫೋನ್ ನಿಮ್ಮ ಅಕೌಂಟಿಗೆ ಅದನ್ನ ಹೊಸದಾಗಿ ಹಾಕ್ಲಾಕತ್ತದ. ಯಾವ ಹೊತ್ತಿಗೆ ಬಂತು ಅನ್ನೋದರ ಮ್ಯಾಲೇ ಅರ್ಧ ಉತ್ತರ ಸಿಗ್ತದ.

ಬೀದರ್:
ನಂದೂ ಇದೇ ತ್ರಾಸ್ ರೀ. ನಮ್ಮ ಕಾಕಾನ ನಂಬರ್ ಹೋದವಾರ ಡಿಲೀಟ್ ಆಗ್ಯಾದ, ಹೆಂಗ್ ಹೊಳ್ಳಿ ತರಬೇಕು?

ಶಹಾಪುರ, ಮೊಬೈಲ್ ರಿಪೇರಿ:
ನಿಮ್ದು ಉಲ್ಟಾ ಕೇಸ್ ಅಣ್ಣಾ, ಅವರಿಗೆ ಬರೋದೇ ಬ್ಯಾಡಾಗ್ಯಾದ. ಅದು ಗೂಗಲ್ ಅಕೌಂಟಿನ್ಯಾಗ ಇದ್ದ ನಂಬರ್ ಆಗಿದ್ರ ಬ್ರೌಸರ್‌ನಾಗ `contacts.google.com` ತಗೀರಿ, `Trash` ಒಳಗ 30 ದಿನ ಇರ್ತದ. ಅಲ್ಲೇ `Undo changes` ಅಂತಾನೂ ಅದ, ಅದನ್ನ ಒತ್ತಬ್ಯಾಡ್ರಿ. ಅದು ಇಡೀ ಪಟ್ಟಿನ್ನೇ ಹಿಂದಿನ ದಿನಕ್ಕ ಒಯ್ಯತದ, ನಡುವ ನೀವು ಸೇರಿಸಿದ ಹೊಸ ನಂಬರ್ ಹೋಗ್ತಾವ. ಸಿಮ್ಮಿನ್ಯಾಗಿಂದು ಅಳಿಸಿದ್ರ ಮಾತ್ರ ಯಾವ ಟ್ರ್ಯಾಷೂ ಇಲ್ಲ.

ಕಲಬುರಗಿ, ಬ್ಯಾಳಿ ವ್ಯಾಪಾರ:
ಅಣ್ಣಾ ನೀವು ಹೇಳಿದಂಗ ಮಾಡೀನಿ. "ಶಹಾಬಾದ್ ದಲಾಲ ಹಳೇ ಅಂಗಡಿ" ಅಂತ ಒಂದು ಹೆಸರಿತ್ತು, ಅದನ್ನ ಅಳಿಸಿದ್ದೆ. ನೆಟ್ ಇಲ್ಲದಾಗ ಬರಲಿಲ್ಲ. ನೆಟ್ ಹಾಕಿದ ಮ್ಯಾಲೂ ಬರಲಿಲ್ಲ. ಖುಷಿ ಆಗಿದ್ದೆ. ಇವತ್ತು ಮುಂಜಾನೆ ನೋಡಿದ್ರ "ಶಹಾಬಾದ್ ದಲಾ" ಅಂತ ಬಂದು ಕುಂತದ! ಅರ್ಧ ಹೆಸರು. ಮೊದ್ಲ ಅವರದು ಎರಡು ನಂಬರ್ ಇತ್ತು, ಈಗ ಒಂದೇ ಅದ. ನಾ ಹಾಕಿದ್ದ ಫೋಟೋನೂ ಇಲ್ಲ.

ಶಹಾಪುರ, ಮೊಬೈಲ್ ರಿಪೇರಿ:
ಸಿಕ್ತು ನೋಡ್ರಿ. ಗೂಗಲ್‌ನಿಂದ ಹೊಳ್ಳಿ ಬಂದಿದ್ರ ಪೂರಾ ಹೆಸರು, ಫೋಟೋ, ಎರಡೂ ನಂಬರ್ ಸಮೇತ ಬರ್ತಿತ್ತು. ಹೆಸರು ನಡುವೇ ಕತ್ತರಿಸಿ, ಒಂದೇ ನಂಬರ್ ಇಟ್ಕೊಂಡು ಬಂದದಂದ್ರ ಅದು ಸಿಮ್ಮಿನ ಮಾಲು. ಸಿಮ್ಮಿನ್ಯಾಗ ಹೆಸರಿಗೆ ಕೊಡೋ ಜಾಗ ಸಣ್ಣದು, ಕನ್ನಡದಾಗ ಬರೆದ್ರ ಇನ್ನೂ ಬೇಗ ತುಂಬತದ. ಫೋಟೋ, ವಿಳಾಸ, ಇವೆಲ್ಲ ಅದರಾಗ ಕೂಡೋದಿಲ್ಲ. ಒಬ್ಬರದೇ ಎರಡು ನಂಬರ್ ಇದ್ರ ಸಾಮಾನ್ಯವಾಗಿ ಎರಡು ಬೇರೆ ಬೇರೆ ಹೆಸರಾಗಿ ಕುಂದ್ರತಾವ. ಅದಕ್ಕೇ ಸಿಮ್ಮಿನಿಂದ ಬಂದಿದ್ದು ನೋಡಿದ ಕೂಡ್ಲೇ ಗೊತ್ತಾಗ್ತದ.

ಆದ್ರ ನಿಮ್ಮ ಫೋನಿನ್ಯಾಗ ನೆಟ್ ಇಲ್ಲದಾಗ ಬರಲಿಲ್ಲ ಅಂದ್ರಿ. ಹಂಗಾದ್ರ ಆ ಸಿಮ್ಮು ನಿಮ್ಮ ಫೋನಿನ್ಯಾಗಿಲ್ಲ. ಇದೇ ಗೂಗಲ್ ಅಕೌಂಟ್ ಹಾಕಿದ ಇನ್ನೊಂದು ಫೋನ್ ಯಾರ ಕಡೆ ಅದ?

ಆಳಂದ, ಶಿಕ್ಷಕಿ:
ಇವರ ಪ್ರಶ್ನೆಗೆ ಸಂಬಂಧ ಇದೆಯೋ ಇಲ್ಲವೋ, ನನ್ನ ಹಳೇ ಫೋನಿನಲ್ಲಿ ಬೇರೆ ಥರ ಆಗಿತ್ತು. ವರ್ಗಾವಣೆ ಆದ ಮೇಲೆ ಹಳೇ ಶಾಲೆಯ ಪಾಲಕರ ನಂಬರುಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸಿದೆ. ಮೇಲೆ ಒಂದು ನೋಟಿಫಿಕೇಶನ್ ಬಂತು, ಇಷ್ಟು ಐಟಂ ಡಿಲೀಟ್ ಆಗಿವೆ, ಏನು ಮಾಡಬೇಕು ಅಂತ. `Delete the items`, `Undo the deletes`, `Do nothing for now` ಅಂತ ಮೂರು ಆಯ್ಕೆ. ನಾನು ಅದನ್ನು ನೋಡದೆ ಪಕ್ಕಕ್ಕೆ ಸರಿಸಿಬಿಡುತ್ತಿದ್ದೆ, ಫೋನಿನಲ್ಲಿ ಹೋದವು ಅಂತ ಕಂಡರೂ ಕಂಪ್ಯೂಟರಿನಲ್ಲಿ ತೆಗೆದರೆ ಹಾಗೇ ಇರುತ್ತಿದ್ದವು. ಮೊದಲನೇದನ್ನು ಒತ್ತಿದ ಮೇಲೆಯೇ ಹೋದದ್ದು.

ಶಹಾಪುರ, ಮೊಬೈಲ್ ರಿಪೇರಿ:
ಸಂಬಂಧ ಅದ ಅಕ್ಕೋರೆ. ಒಮ್ಮೆಗೇ ಭಾಳ ಅಳಿಸಿದ್ರ ಕೈತಪ್ಪಿ ಆಗಿರಬಹುದು ಅಂತ ಸಿಂಕ್ ನಿಂತು ಕೇಳ್ತದ. ಹಳೇ ಆ್ಯಂಡ್ರಾಯ್ಡ್‌ನಾಗ ಅದನ್ನ ನಾನೂ ನೋಡೀನಿ. ಅದಕ್ಕೇ ರಾಶಿಗಟ್ಟಲೆ ಅಳಿಸೋ ಕೆಲಸ ಫೋನಿನ್ಯಾಗ ಮಾಡೋದಕ್ಕಿಂತ ಕಂಪ್ಯೂಟರ್‌ನಾಗ `contacts.google.com` ಮ್ಯಾಲ ಮಾಡೋದು ಚಲೋ.

ಕಲಬುರಗಿ, ಬ್ಯಾಳಿ ವ್ಯಾಪಾರ:
ಇನ್ನೊಂದು ಫೋನ್ ಮುನೀಮರ ಕಡೆ ಅದ ಅಣ್ಣಾ. ನನ್ನ ಹಳೇ ಫೋನೇ, ದುಕಾನದ ಹಳೇ ಸಿಮ್ಮು ಅದರಾಗೇ ಅದ, ಅಕೌಂಟೂ ನಂದೇ. ಅವರನ್ನ ಕೇಳಿದೆ. "ಫೋನ್ ಚಾಲೂ ಮಾಡಿದ್ರ ಸಿಮ್ಮಿನ ನಂಬರ್ ತಗೊಳ್ಳೇನು ಅಂತ ಕೇಳ್ತದ ಸಾವ್ಕಾರ್ರೆ, ನಾ ಹೂಂ ಅಂತೀನಿ" ಅಂದ್ರು. ಬ್ಯಾಟರಿ ಕೆಟ್ಟದ ಅದರದು, ದಿನಾ ಬಂದಾಗಿ ಚಾಲೂ ಆಗ್ತದ.

ಶಹಾಪುರ, ಮೊಬೈಲ್ ರಿಪೇರಿ:
ಮುನೀಮರು ಹೂಂ ಅಂದಾಗೆಲ್ಲ ಸಿಮ್ಮಿನ ಹೆಸರುಗಳು ಇಂಪೋರ್ಟ್ ಆಗಿ ನಿಮ್ಮ ಗೂಗಲ್ ಅಕೌಂಟಿನ್ಯಾಗ ಹೊಸ ಹೆಸರಾಗಿ ಕುಂದ್ರತಾವ, ಅಲ್ಲಿಂದ ನಿಮ್ಮ ಫೋನಿಗೆ ಇಳೀತಾವ. ಗೂಗಲ್‌ಗೆ ಅವು ಹೊಸವೇ, ನೀವು ಅಳಿಸಿದ್ದು ಬೇರೆ ಹೆಸರು. ನೀವು ನಿಮ್ಮ ಫೋನಿನ್ಯಾಗ ಎಷ್ಟು ಅಳಿಸಿದ್ರೂ ಇದು ನಿಲ್ಲಲ್ಲ.

ಕೆಲಸ ಬುಡದಿಂದ ಹಿಡೀರಿ. ಮೊದ್ಲ ಕಂಪ್ಯೂಟರ್‌ನಾಗ ಎಲ್ಲಾ ಕಾಂಟ್ಯಾಕ್ಟ್ಸ್ `Export` ಮಾಡಿ ಒಂದು ಫೈಲ್ ಇಟ್ಕೋರಿ, ಬೇಕಾದ್ದು ತಪ್ಪಿ ಹೋದ್ರ ಅದು ಆಸರಾಗ್ತದ. ಆಮ್ಯಾಲ ಮುನೀಮರ ಫೋನಿನ್ಯಾಗ ನಿಮ್ಮ ಅಕೌಂಟಿನ ಕಾಂಟ್ಯಾಕ್ಟ್ಸ್ ಸಿಂಕ್ ಬಂದ್ ಮಾಡ್ರಿ. ಅದರ ಕಾಂಟ್ಯಾಕ್ಟ್ಸ್ ಆ್ಯಪ್ ಸೆಟ್ಟಿಂಗ್ಸ್‌ನಾಗ `Also sync device contacts` ಅಂತ ಇದ್ರ ಅದನ್ನೂ ಬಂದ್ ಮಾಡ್ರಿ. ಇಲ್ಲಂದ್ರ ಫೋನಿನ ಮೆಮೊರಿಯೊಳಗ ಸೇವ್ ಆದದ್ದೂ ಗೂಗಲ್‌ಗೆ ಏರತದ. ಒಂದು ಮಾತು, ಅದನ್ನ ಬಂದ್ ಮಾಡಿದ್ರ ಮುಂದ ಏರೋದು ನಿಲ್ತದ, ಆಗ್ಲೇ ಏರಿದ್ದು ಇಳಿಯೋದಿಲ್ಲ. ಅದನ್ನ ನೀವೇ ಅಳಿಸಬೇಕು.

ಇದಾದ ಮ್ಯಾಲ ಸಿಮ್ಮು. ಅದೇ ಫೋನಿನ ಕಾಂಟ್ಯಾಕ್ಟ್ಸ್‌ನಾಗ ಬರೇ ಸಿಮ್ ಪಟ್ಟಿ ಕಾಣೋ ಹಂಗ ಫಿಲ್ಟರ್ ಹಾಕಿ ಅಳಿಸ್ರಿ. ಕೆಲವು ಫೋನಿನ್ಯಾಗ ಗೂಗಲ್ ಆ್ಯಪ್‌ದಿಂದ ಸಿಮ್ ಹೆಸರು ಅಳಿಸಾಕ ಬರಲ್ಲ, ಕಂಪನಿಯ ಸ್ವಂತ ಕಾಂಟ್ಯಾಕ್ಟ್ಸ್ ಆ್ಯಪೇ ಬೇಕು. ಅದೂ ಇಲ್ಲಂದ್ರ ಸಿಮ್ಮು ತಗದು ಒಂದು ಗುಂಡಿ ಫೋನಿನ್ಯಾಗ ಹಾಕ್ರಿ, ಅದರಾಗ ಸಿಮ್ ಮೆಮೊರಿ ಅಳಿಸೋದು ಸರಳ. ಫೋನಿಗೆ ಹಾಕಿ ಬಂದ್-ಚಾಲೂ ಮಾಡಿ ಸಿಮ್ ಪಟ್ಟಿ ಖಾಲಿ ಅದಾ ಅಂತ ಖಾತ್ರಿ ಮಾಡ್ಕೋರಿ. ಖಾಲಿ ಸಿಮ್ಮಿನಿಂದ ಇಂಪೋರ್ಟ್ ಆಗಲಾಕ ಏನೂ ಇರಲ್ಲ, ಮುನೀಮರು ಹೂಂ ಅಂದ್ರೂ ಚಿಂತಿಲ್ಲ.

ಇಷ್ಟಾದ ಮ್ಯಾಲ ಕಂಪ್ಯೂಟರ್‌ನಾಗ ಬೇಡಾದ ಹೆಸರು ಟಿಕ್ ಮಾಡಿ ಒಮ್ಮೆಗೇ ಅಳಿಸ್ರಿ. ಕತ್ತರಿಸಿದ ಅರ್ಧ ಹೆಸರುಗಳೂ ಅಲ್ಲೇ ಸಿಗ್ತಾವ. ಟ್ರ್ಯಾಷ್ ಖಾಲಿ ಮಾಡೋ ಅವಸರ ಬ್ಯಾಡ, 30 ದಿನಕ್ಕ ತಾನೇ ಹೋಗ್ತದ. ಕಡೀಗೆ ನಿಮ್ಮ ಫೋನಿನ್ಯಾಗ ಸಿಂಕ್ ಒಮ್ಮೆ ಓಡಿಸ್ರಿ. ಆಮ್ಯಾಲೂ ಯಾವ್ದರ ಉಳಿದ್ರ ಅದು ಫೋನ್ ಮೆಮೊರಿಯದು, ಅದನ್ನ ಅಲ್ಲೇ ಅಳಿಸ್ರಿ.

ಸೇಡಂ:
ಅಂದ್ರ ನಾ ಹೇಳಿದ್ದೇ ಆಯ್ತಲ್ಲ, ಸಿಂಕ್ ಬಂದ್ ಮಾಡೋದು.

ಶಹಾಪುರ, ಮೊಬೈಲ್ ರಿಪೇರಿ:
ಯಾವ ಫೋನಿನ್ಯಾಗ ಬಂದ್ ಮಾಡೋದು ಅನ್ನೋದ್ರಾಗ ಎಲ್ಲಾ ಅದ ತಮ್ಮಾ. ಇವರ ಫೋನಿನ ಸಿಂಕ್ ಬಂದ್ ಮಾಡಿದ್ರ ಕಣ್ಣಿಗೆ ಕಾಣಾದು ನಿಲ್ತಿತ್ತು, ಗೂಗಲ್‌ನಾಗ ತುಂಬೋದು ನಡದೇ ಇರ್ತಿತ್ತು.

ಕಲಬುರಗಿ, ಬ್ಯಾಳಿ ವ್ಯಾಪಾರ:
ಮಾಡೀನಿ ಅಣ್ಣಾ. ಸಿಮ್ಮಿನ್ಯಾಗ ನಮ್ಮಪ್ಪನ ಕಾಲದ ಗಿರಾಕಿಗಳು ಸಹ ಇದ್ರು, ತುಂಬಿ ಕುಂತಿತ್ತು. ಈಗ ನಾಲ್ಕು ದಿನ ಆಯ್ತು, ಶಹಾಬಾದ್ ದಲಾಲರು ಬಂದಿಲ್ಲ. ಮುನೀಮರ ಫೋನೂ ದಿನಾ ಬಂದಾಗಿ ಚಾಲೂ ಆಗ್ಯಾದ. ಒಂದು ಹತ್ತು-ಹನ್ನೆರಡು ಹೆಸರು ಮಾತ್ರ ಡಿಲೀಟ್ ಒತ್ತಿದ್ರ ಹೋಗ್ತಾವ, ಆ್ಯಪ್ ಬಂದ್ ಮಾಡಿ ತಗದ್ರ ಇರ್ತಾವ. ಕಂಪ್ಯೂಟರ್‌ನಾಗ ನೋಡಿದ್ರ ಅವು ಇಲ್ಲೇ ಇಲ್ಲ.

ಶಹಾಪುರ, ಮೊಬೈಲ್ ರಿಪೇರಿ:
ಅವು ಯಾವುದೋ ಆ್ಯಪ್ ಇಟ್ಟ ಹೆಸರು ಇರಬೇಕು. ಸೆಟ್ಟಿಂಗ್ಸ್‌ನಾಗ ಅಕೌಂಟ್ಸ್ ಪಟ್ಟಿ ನೋಡ್ರಿ, ಗೂಗಲ್ ಬಿಟ್ಟು ವಾಟ್ಸ್ಆ್ಯಪ್, ಟೆಲಿಗ್ರಾಮ್ ಹಂತಾವು ಅಲ್ಲಿರ್ತಾವ. ಹಂತಾ ಹೆಸರು ಓದಲಿಕ್ಕೆ ಮಾತ್ರ, ಕಾಂಟ್ಯಾಕ್ಟ್ಸ್ ಆ್ಯಪ್‌ದಿಂದ ಹೋಗಲ್ಲ. ಟೆಲಿಗ್ರಾಮ್ ಇದ್ರ ಅದರ ಪ್ರೈವಸಿ ಸೆಟ್ಟಿಂಗ್ಸ್‌ನಾಗ `Delete Synced Contacts` ಅದ, ಮೊದ್ಲ `Sync Contacts` ಬಂದ್ ಮಾಡಿ ಆಮ್ಯಾಲ ಅದನ್ನ ಒತ್ತರಿ. ಆ ಹೆಸರಿನ ಮ್ಯಾಲ ಒತ್ತಿ ಯಾವ ಆ್ಯಪಿನ ಚಿತ್ರ ಕಾಣ್ತದ ನೋಡಿ ಹೇಳ್ರಿ.

ಹುಮನಾಬಾದ್:
ನನ್ನ ಫೋನಿನ್ಯಾಗ ಗೂಗಲ್ ಬಿಟ್ಟು ಫೋನ್ ಕಂಪನಿಯದೇ ಒಂದು ಕ್ಲೌಡ್ ಅಕೌಂಟ್ ಅದ, ಅದರಾಗೂ ಕಾಂಟ್ಯಾಕ್ಟ್ಸ್ ಸಿಂಕ್ ಚಾಲೂ ಇತ್ತು. ಗೂಗಲ್‌ನಾಗ ಅಳಿಸಿದ್ರೂ ಅಲ್ಲಿದ್ದದ್ದು ಕಾಣ್ತಿತ್ತು. ಅದನ್ನ ಬಂದ್ ಮಾಡುವಾಗ ಫೋನಿನ್ಯಾಗಿದ್ದದ್ದು ಇಟ್ಕೊಳ್ಳೋದೋ ತಗಿಯೋದೋ ಅಂತ ಕೇಳ್ತದ. ಯಾವ್ದು ಒತ್ತಬೇಕು?

ಶಹಾಪುರ, ಮೊಬೈಲ್ ರಿಪೇರಿ:
ನಿಮಗ ಬೇಕಾದ್ದೆಲ್ಲ ಗೂಗಲ್‌ನಾಗ ಅದಾ ಅಂತ ಕಂಪ್ಯೂಟರ್‌ನಾಗ ನೋಡಿ ಖಾತ್ರಿ ಆದ ಮ್ಯಾಲಷ್ಟೇ ತಗಿಯೋದು ಒತ್ತರಿ. ಇಟ್ಕೊಳ್ಳೋದು ಒತ್ತಿದ್ರ ಅವು ಫೋನ್ ಮೆಮೊರಿಗೆ ಬಂದು ಕುಂದ್ರಬಹುದು, ಮತ್ತ ಮೊದಲಿನ ಆಟಾನೇ ಶುರು. ಫೋನ್ ಯಾವ ಕಂಪನಿದು?